ಮನೆಯಲ್ಲೇ ಕೂದಲಿಗೆ ಬ್ಲೀಚ್: ಮೊದಲ ಸಲಕ್ಕೆ ಪುಡಿ ಬೇಡ, ಕ್ರೀಮ್ ಹಿಡಿಯಿರಿ

ಬ್ಲೀಚ್ ಕೊಡಿ ಎಂದರೆ ತುಮಕೂರಿನ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಮೊದಲು ಕೈಗೆ ಬರುವುದು ಮುಖಕ್ಕೆ ಹಚ್ಚುವ ಬ್ಲೀಚ್. ಅದು ತಲೆಗೂದಲಿಗೆ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಬ್ಲೀಚಿಂಗ್ ಪೌಡರಂತೂ ನೀರಿನ ತೊಟ್ಟಿಗೆ, ಚರಂಡಿಗೆ ಹಾಕುವಂಥದ್ದು. ಅದನ್ನು ತಲೆಯ ಹತ್ತಿರ ತರಲೇಬೇಡಿ. ನಿಮಗೆ ಬೇಕಾದದ್ದು ಹೇರ್ ಬ್ಲೀಚ್, ಜೊತೆಗೆ ಡೆವಲಪರ್.

ಪುಡಿಯಾಗಲಿ, ಕ್ರೀಮಾಗಲಿ, ಕೆಲಸ ಮಾಡುವುದು ಡೆವಲಪರಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದ ಮೇಲೆಯೇ. ಪುಡಿಗೆ ಶಕ್ತಿ ಜಾಸ್ತಿ, ಕಪ್ಪು ಬೇಗ ಬಿಡಿಸುತ್ತದೆ. ಆದರೆ ಕಲಸುವಾಗ ಮೂಗಿಗೆ ಹಾರುತ್ತದೆ, ಬೇಗ ಒಣಗುತ್ತದೆ. ಒಣಗಿದ ಬ್ಲೀಚ್ ಕೆಲಸ ನಿಲ್ಲಿಸುತ್ತದೆ, ಬಣ್ಣ ಅಲ್ಲಲ್ಲಿ ಪಟ್ಟೆ ಬೀಳುತ್ತದೆ. ಕ್ರೀಮ್ ನಿಧಾನ, ಹಚ್ಚಿದ ಕಡೆಯೇ ಒದ್ದೆಯಾಗಿ ಕೂರುತ್ತದೆ. ಕೈ ಪಳಗದವರಿಗೆ ಈ ನಿಧಾನವೇ ಅನುಕೂಲ. ಆದರೆ ಕ್ರೀಮ್ ಎಂದರೆ ಸೌಮ್ಯ ಎಂದುಕೊಳ್ಳಬೇಡಿ. ಎರಡರಲ್ಲೂ ಸಾಮಾನ್ಯವಾಗಿ ಉಸಿರಾಟಕ್ಕೆ ತೊಂದರೆ ಕೊಡಬಲ್ಲ ಪರ್ಸಲ್ಫೇಟ್ ಇರುತ್ತದೆ. ಆಸ್ತಮಾ ಇರುವವರು ಎರಡನ್ನೂ ಬಿಡುವುದು ಒಳ್ಳೆಯದು. ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಮಾರುವ ಪುಡಿ ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ತೇವ ಹಿಡಿದು ಅದರ ಶಕ್ತಿ ಹೋಗಿರಬಹುದು.

ಎರಡು ದಿನ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ ಅಲರ್ಜಿ ನೋಡಿಕೊಳ್ಳಿ. ಆಮೇಲೆ ಬಾಚಣಿಗೆಗೆ ಬಂದ ಕೂದಲನ್ನು ದಾರದಲ್ಲಿ ಕಟ್ಟಿ, ಕಲಸಿದ ಬ್ಲೀಚಿನಲ್ಲಿ ಮುಳುಗಿಸಿಡಿ. ನಮ್ಮ ಕಡೆ ಇದನ್ನು ತಪ್ಪಿಸುವ ಹಾಗೇ ಇಲ್ಲ. ಬೋರ್ ನೀರಿನ ಸುಣ್ಣ, ಕಬ್ಬಿಣ ಕೂದಲಿಗೆ ಅಂಟಿರುತ್ತದೆ. ಕಪ್ಪು ಮೆಹಂದಿ ಪುಡಿ ಹಚ್ಚಿದ ಕೂದಲಾದರೆ ಅದರಲ್ಲಿ ಲೋಹದ ಲವಣವೂ ಇರಬಹುದು. ಕೂದಲು ಬಿಸಿಯಾದರೆ, ಹೊಗೆಯಾಡಿದರೆ, ಹಸಿರು ತಿರುಗಿದರೆ ಆಸೆ ಬಿಡಿ. ನಲ್ಲಿಗೆ ಬಿಳಿ ಪೊರೆ ಕಟ್ಟುವ ಮನೆಯವರು ಬ್ಲೀಚಿಗೆ ಮುಂಚಿನ ತಲೆಸ್ನಾನವನ್ನು ಕ್ಯಾನ್ ನೀರಿನಲ್ಲಿ ಮುಗಿಸಿ. ಅದಾದ ಮೇಲೆ ಒಂದು ದಿನ ತಲೆ ತೊಳೆಯಬೇಡಿ. ನೆತ್ತಿಯ ಜಿಡ್ಡು ಉರಿಯನ್ನು ಸ್ವಲ್ಪ ತಗ್ಗಿಸುತ್ತದೆ.

ಪ್ಲಾಸ್ಟಿಕ್ ಬಟ್ಟಲು, ಬ್ರಷ್, ಗ್ಲೌಸ್ ಇರಲಿ. ಸ್ಟೀಲ್ ಬಟ್ಟಲು ಬೇಡ. 20 ವಾಲ್ಯೂಮ್, ಅಂದರೆ ಶೇ 6ರ ಡೆವಲಪರ್ ಸಾಕು. 40 ಇದ್ದರೆ ಬೇಗ ಆಗುತ್ತದೆ ಎಂದು ಅಂಗಡಿಯವರು ಹೇಳಿದರೆ ಸುಮ್ನೆ ತಲೆಯಾಡಿಸಿ 20 ತನ್ನಿ. ಡಬ್ಬಿಯ ಮೇಲೆ ಇರುವ ಅಳತೆಯಲ್ಲಿ ತೂಕ ಹಾಕಿಯೇ ಕಲಸಿ. ಗಟ್ಟಿ ಮೊಸರಿನ ಹದ ಬರಬೇಕು.

ಜನ ಎಡವುವುದು ಹಚ್ಚುವಾಗ. ಎಲ್ಲರೂ ಬುಡದಿಂದ ಶುರು ಮಾಡುತ್ತಾರೆ. ನೆತ್ತಿಯ ಕಾವಿಗೆ ಬುಡದ ಕೂದಲು ಬೇಗ ಬಿಳುಪಾಗುತ್ತದೆ. ಬುಡ ಹಳದಿ, ತುದಿ ಕಂದು ಆಗುವುದು ಅದಕ್ಕೇ. ಮೊದಲು ನಡುವಿಗೂ ತುದಿಗೂ ಹಚ್ಚಿ. ನೆತ್ತಿಯಿಂದ ಅರ್ಧ ಇಂಚು ಬಿಟ್ಟುಬಿಡಿ, ಬೇಕಿದ್ದರೆ ಕೊನೆಗೆ ಹಚ್ಚಿದರಾಯಿತು. ಎಳೆ ತೆಳ್ಳಗಿರಲಿ, ಎರಡೂ ಬದಿಗೆ ಹಚ್ಚಿ. ದಪ್ಪ ಎಳೆಯ ಒಳಗೆ ಕ್ರೀಮ್ ಇಳಿಯುವುದಿಲ್ಲ, ಬೆರಳಿನಿಂದ ಬಿಡಿಸಿ ನೋಡಿ. ಮುಂಚೆ ಬ್ಲೀಚ್ ಆದ ಭಾಗದ ಮೇಲೆ ಮತ್ತೆ ಹಚ್ಚಬೇಡಿ, ಅಲ್ಲೇ ಕೂದಲು ಮುರಿಯುವುದು.

ಅಕ್ಕನ ಮಗಳ ಭುಜದವರೆಗಿನ ಕಪ್ಪು ಕೂದಲಿನಲ್ಲಿ ಮುಂದಿನ ಎರಡು ಎಳೆಗೆ 20 ಗ್ರಾಂ ಕ್ರೀಮ್, 40 ಮಿಲಿ ಡೆವಲಪರ್ ಸಾಕಾಯಿತು. ಹದಿನೈದು ನಿಮಿಷಕ್ಕೆ ಕೆಂಪು ಕಂದು, ಮೂವತ್ತೈದಕ್ಕೆ ಕಿತ್ತಳೆ. ಅಲ್ಲಿಗೆ ತೊಳೆದೆವು. ಅವಳ ಗೆಳತಿ ಪುಡಿ ಕಲಸಿ ಫಾಯಿಲ್ ಸುತ್ತಿದ್ದಳು. ಅದು ಉಬ್ಬಿ ಫಾಯಿಲಿನಿಂದ ಹೊರಗೆ ಸೋರಿತು. ಬುಡದಲ್ಲಿ ಹಳದಿ ಚುಕ್ಕಿ ಉಳಿಯಿತು.

ಐದೈದು ನಿಮಿಷಕ್ಕೊಮ್ಮೆ ಒಂದೆಳೆಯನ್ನು ಒದ್ದೆ ಟಿಶ್ಯೂವಿನಿಂದ ಒರೆಸಿ ಬಣ್ಣ ನೋಡಿ, ಮತ್ತೆ ಕ್ರೀಮ್ ಮುಚ್ಚಿ. ಜೊತೆಗೆ ಮೆಲ್ಲಗೆ ಎಳೆದೂ ನೋಡಿ. ರಬ್ಬರಿನಂತೆ ಹಿಗ್ಗಿ ವಾಪಸ್ ಬಾರದಿದ್ದರೆ, ನೆತ್ತಿ ಉರಿದರೆ, ಬಣ್ಣ ಏನೇ ಇರಲಿ ತಕ್ಷಣ ತೊಳೆಯಿರಿ. ಡಬ್ಬಿಯ ಮೇಲಿನ ಸಮಯ ದಾಟಿಸಬೇಡಿ. ಹೇರ್ ಡ್ರೈಯರ್ ಬಿಸಿ ಕೊಡುವ ಶಾರ್ಟ್‌ಕಟ್ಟೂ ಬೇಡ.

ಕಿತ್ತಳೆ ಬಂದರೆ ಗಾಬರಿಯಾಗಬೇಡಿ. ಕಪ್ಪು ಕೂದಲು ಕಂದು, ಕಿತ್ತಳೆ ದಾಟಿಯೇ ಹಳದಿಗೆ ಹೋಗುವುದು. ಕಂದು, ತಾಮ್ರದ ಬಣ್ಣ ಹಾಕುವುದಿದ್ದರೆ ಕಿತ್ತಳೆಯೇ ಸಾಕು. ಕಿತ್ತಳೆ ಇಷ್ಟವಿಲ್ಲದಿದ್ದರೆ ನೀಲಿ ಛಾಯೆಯ ಟೋನರ್ ಅದನ್ನು ಮಂಕು ಮಾಡುತ್ತದೆ. ಇನ್ನೊಂದು ಸುತ್ತು ಬೇಕಾದರೆ ಅದೇ ದಿನ ಬೇಡ, ಎರಡು ವಾರ ಬಿಡಿ. ಬೆಳ್ಳಿ ಬಣ್ಣವೇ ಬೇಕು ಎನ್ನುವವರಿಗೆ ಪುಡಿಯೇ ಬೇಕಾಗಬಹುದು, ಅದನ್ನು ಪಾರ್ಲರಿನ ಕೈಗೆ ಬಿಡಿ.

ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಎತ್ತಿಡಬೇಡಿ. ಒಳಗೆ ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಬೇಕಾದಷ್ಟು ನೀರು ಸುರಿದು ಬಚ್ಚಲಿಗೆ ಬಿಡಿ.