ಎಫ್‌ಡಿ ಮುರಿಸೋದಾ, ಅದರ ಮೇಲೆ ಸಾಲ ತೆಗೆಯೋದಾ? ಮೊದಲು ಈ ಒಂದು ಲೆಕ್ಕ ಹಾಕಿ

ಕಾಲೇಜು ಫೀಸು ಕಟ್ಟುವ ಜೂನ್ ತಿಂಗಳಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಯಾರಾದರೊಬ್ಬರು ಎಫ್‌ಡಿ ಮುರಿಸುತ್ತಾರೆ. ಮೂವತ್ತು ವರ್ಷ ಬ್ಯಾಂಕಿನ ಠೇವಣಿ ಕೌಂಟರಿನಲ್ಲಿ ಕೂತು ನಿವೃತ್ತನಾದವನು ನಾನು. ಆದರೆ ನನ್ನ ಹತ್ತಿರ ಬರುವುದು ಮುರಿಸಿದ ಮೇಲೆ. "ಅಣ್ಣ, ಇಷ್ಟು ಕಡಿಮೆ ಯಾಕೆ ಬಂತು?" ಅಂತ ಚೀಟಿ ತೋರಿಸುತ್ತಾರೆ. ಆಗ ಏನೂ ಮಾಡಲಿಕ್ಕೆ ಆಗುವುದಿಲ್ಲ. ಹಾಗಾಗಿ ಮುರಿಸುವ ಮುಂಚೆಯೇ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಫ್‌ಡಿ ರಸೀದಿ ಹೊರಗೆ ತೆಗೆಯಿರಿ. ಇಟ್ಟ ದಿನ, ಮುಗಿಯುವ ದಿನ, ಬಡ್ಡಿ ದರ, ಯಾರ ಯಾರ ಹೆಸರು, ಇಷ್ಟು ನೋಡಿದರೆ ಸಾಕು. ತೆರಿಗೆ ಉಳಿಸಲು ಇಟ್ಟ ಐದು ವರ್ಷದ ಎಫ್‌ಡಿ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದನ್ನು ಮಧ್ಯದಲ್ಲಿ ಮುರಿಸುವಂತಿಲ್ಲ, ಅದರ ಮೇಲೆ ಸಾಲವೂ ಇಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಮುರಿಸಲಿಕ್ಕೂ ಸಾಲಕ್ಕೂ ಸಾಮಾನ್ಯವಾಗಿ ಇಬ್ಬರ ಸಹಿ ಬೇಕು. ಒಬ್ಬರು ಊರಿಗೆ ಹೋಗಿದ್ದರೆ ಬರುವ ತನಕ ಕಾಯಬೇಕು.

ಇಟ್ಟ ದಿನ ನೋಡುವಾಗ ಇನ್ನೊಂದು ವಿಷಯ ಗಮನಿಸಿ. ಮುಗಿದ ಎಫ್‌ಡಿ ತಾನಾಗಿಯೇ ಮತ್ತೆ ಮುಂದುವರಿದಿದ್ದರೆ, ಹೊಸ ಎಫ್‌ಡಿಯ ವಯಸ್ಸು ಮುಂದುವರಿದ ದಿನದಿಂದ ಶುರು. ಆರು ವರ್ಷದ ಹಿಂದೆ ಇಟ್ಟದ್ದು ಅಂತ ನೀವು ಹೇಳುವ ಎಫ್‌ಡಿ, ಬ್ಯಾಂಕಿನ ಲೆಕ್ಕದಲ್ಲಿ ಒಂದೇ ತಿಂಗಳಿನದು ಆಗಿರಬಹುದು. ಹಳೆಯ ಅವಧಿಯ ಬಡ್ಡಿ ಅಸಲಿಗೆ ಸೇರಿ ಆಗಿದೆ, ಅದಕ್ಕೆ ಯಾರೂ ಕೈ ಹಾಕುವುದಿಲ್ಲ. ಅಂಥದ್ದನ್ನು ಮುರಿಸಿದರೆ ಹೋಗುವುದು ಒಂದು ತಿಂಗಳ ಬಡ್ಡಿಯಲ್ಲಿ ಸ್ವಲ್ಪ, ಅಷ್ಟೇ.

ಇನ್ನು ಎಲ್ಲರೂ ಎಡವುವ ಹೆಜ್ಜೆಗೆ ಬರೋಣ. ಈಗ ಮುರಿಸಿದರೆ ಎಷ್ಟು ಹೋಗುತ್ತದೆ?

ಕೌಂಟರಿನಲ್ಲಿ ಕೇಳಿದರೆ "ಒಂದು ಪರ್ಸೆಂಟ್ ಪೆನಾಲ್ಟಿ" ಅನ್ನುತ್ತಾರೆ. ಐದು ಲಕ್ಷದ ಎಫ್‌ಡಿ ಇರುವವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ಐದು ಸಾವಿರ ತಾನೇ, ಹೋಗಲಿ ಅಂತ ಸಹಿ ಮಾಡುತ್ತಾರೆ. ಹಾಗಲ್ಲ. ಆ ಒಂದು ಪರ್ಸೆಂಟ್ ಕಳೆಯುವುದು ಅಸಲಿನಿಂದ ಅಲ್ಲ, ಬಡ್ಡಿ ದರದಿಂದ. ಅದೂ ಇಟ್ಟ ಮೊದಲ ದಿನದಿಂದ ಇವತ್ತಿನ ತನಕ, ಅಷ್ಟೂ ಕಾಲಕ್ಕೆ. ಇಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ಕಳೆಯುವ ಮುಂಚೆ ದರವೇ ಬದಲಾಗುತ್ತದೆ. ಮೂರು ವರ್ಷ ಇಡುತ್ತೇನೆ ಎಂದಿದ್ದಕ್ಕೆ ನಿಮಗೆ ಮೂರು ವರ್ಷದ ದರ ಸಿಕ್ಕಿತ್ತು. ಎರಡೂವರೆ ವರ್ಷಕ್ಕೆ ಎದ್ದರೆ, ನೀವು ಇಟ್ಟ ದಿನ ಎರಡೂವರೆ ವರ್ಷದ ಎಫ್‌ಡಿಗೆ ಯಾವ ದರ ಇತ್ತೋ ಅದನ್ನು ಹಿಡಿಯುತ್ತಾರೆ. ಅದು ನಿಮ್ಮ ದರಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ನಿಮ್ಮ ದರವೇ ಗತಿ. ಎರಡರಲ್ಲಿ ಕಡಿಮೆ ಯಾವುದೋ ಅದರಿಂದ ಅರ್ಧ ಅಥವಾ ಒಂದು ಪರ್ಸೆಂಟ್ ಕಳೆಯುತ್ತಾರೆ. ಎಷ್ಟು ಕಳೆಯುವುದು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ತಿಂಗಳು ತಿಂಗಳು ಬಡ್ಡಿ ಕೈಗೆ ಬರುವ ಎಫ್‌ಡಿ ಇದ್ದರೆ ಇನ್ನೂ ಜಾಗ್ರತೆ. ಈಗಾಗಲೇ ಕೊಟ್ಟ ಬಡ್ಡಿ ಹೊಸ ದರಕ್ಕಿಂತ ಜಾಸ್ತಿ ಆಯಿತು ಅಂತ, ಹೆಚ್ಚಿಗೆ ಕೊಟ್ಟಷ್ಟನ್ನು ಅಸಲಿನಿಂದ ಮುರಿದುಕೊಳ್ಳುತ್ತಾರೆ. ಐದು ಲಕ್ಷ ಇಟ್ಟವರಿಗೆ ನಾಲ್ಕು ಲಕ್ಷದ ತೊಂಬತ್ತು ಸಾವಿರ ಚಿಲ್ಲರೆ ಬಂದು ಅವರು ಗಾಬರಿಯಾದದ್ದನ್ನು ನಾನೇ ಕೌಂಟರಿನಲ್ಲಿ ನೋಡಿದ್ದೇನೆ.

ಹಾಗಾದರೆ ಕೇಳುವುದು ಹೇಗೆ? ಪೆನಾಲ್ಟಿ ಎಷ್ಟು ಅಂತ ಕೇಳಬೇಡಿ. "ಇವತ್ತು ಮುರಿಸಿದರೆ ಕೈಗೆ ಎಷ್ಟು ರೂಪಾಯಿ, ಇವತ್ತಿಗೆ ಜಮೆ ಆಗಿರುವ ಲೆಕ್ಕ ಎಷ್ಟು ರೂಪಾಯಿ, ಎರಡೂ ಬರೆದು ಕೊಡಿ" ಅನ್ನಿ. ಇಲ್ಲಿಯ ಫಾರಂಗಳಲ್ಲಿ ಎಫ್‌ಡಿಗೆ ಮರಾಠಿಯಲ್ಲಿ 'ಮುದತ ಠೇವ' ಎಂದಿರುತ್ತದೆ. ನಮ್ಮ ಠೇವಣಿಯೇ, ತಬ್ಬಿಬ್ಬಾಗಬೇಡಿ. ಆ್ಯಪ್ ಇರುವವರಿಗೆ ಇನ್ನೂ ಸುಲಭ. ಅನೇಕ ಬ್ಯಾಂಕಿನ ಆ್ಯಪ್‌ಗಳಲ್ಲಿ ಎಫ್‌ಡಿ ಮುಚ್ಚುವ ಕಡೆ ಹೋದರೆ, ಕೊನೆಯ ಒಪ್ಪಿಗೆ ಒತ್ತುವ ಮುಂಚೆ ಬರುವ ಮೊತ್ತ ತೋರಿಸುತ್ತದೆ. ಅದನ್ನು ಬರೆದುಕೊಂಡು ಹಿಂದೆ ಬನ್ನಿ. ಒಪ್ಪಿಗೆ ಮಾತ್ರ ಒತ್ತಬೇಡಿ.

ಸಾಲದ ಲೆಕ್ಕ ಒಂದೇ ಸಾಲಿನದು. ಎಫ್‌ಡಿ ಮೊತ್ತದ ಸುಮಾರು 90 ಪರ್ಸೆಂಟ್ ತನಕ ಸಿಗುತ್ತದೆ, ಬಡ್ಡಿ ನಿಮ್ಮ ಎಫ್‌ಡಿ ದರಕ್ಕಿಂತ ಒಂದು ಅಥವಾ ಎರಡು ಪರ್ಸೆಂಟ್ ಜಾಸ್ತಿ, ಎಫ್‌ಡಿ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ.

ಕಳೆದ ವರ್ಷ ಎದುರು ಮನೆಯ ಅಕ್ಕ ಸರಿಯಾದ ಸಮಯಕ್ಕೆ ಬಂದು ಕೇಳಿದ್ದರು. ಯಜಮಾನರು ಮಾಟುಂಗದ ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಾರೆ. ಮಗಳ ಫೀಸಿಗೆ 2 ಲಕ್ಷ ಬೇಕು. ಇದ್ದದ್ದು 5 ಲಕ್ಷದ ಒಂದೇ ಎಫ್‌ಡಿ, ಮೂರು ವರ್ಷಕ್ಕೆ, 7 ಪರ್ಸೆಂಟ್. ಎರಡೂವರೆ ವರ್ಷ ಆಗಿತ್ತು, ಡಿಸೆಂಬರಿಗೆ ಮುಗಿಯುವುದು. ಅಡುಗೆಮನೆ ಕ್ಯಾಲೆಂಡರಿನ ಹಿಂದೆಯೇ ಕೂಡಿಸಿ ಕಳೆದೆವು.

ಅವತ್ತಿಗೆ ಎಫ್‌ಡಿ ಬೆಳೆದು ಸುಮಾರು 5,94,700 ಆಗಿತ್ತು. ಮುರಿಸಿದರೆ? ಎರಡೂವರೆ ವರ್ಷದ ದರ 6.8, ಅದರಲ್ಲಿ ಒಂದು ಕಳೆದು 5.8. ಕೈಗೆ ಬರುವುದು 5,77,400. ಅಕ್ಕ ಐದು ಸಾವಿರ ಅಂದುಕೊಂಡಿದ್ದ ನಷ್ಟ 17,300 ಆಗಿತ್ತು.

ಸಾಲ ತೆಗೆದರೆ 2 ಲಕ್ಷಕ್ಕೆ 8 ಪರ್ಸೆಂಟಿನಂತೆ ಆರು ತಿಂಗಳಿಗೆ ಬಡ್ಡಿ 8,100. ಡಿಸೆಂಬರಿನಲ್ಲಿ ಎಫ್‌ಡಿ ಪೂರ್ತಿಯಾಗಿ 6,15,700 ಬರುತ್ತದೆ. ಸಾಲ, ಬಡ್ಡಿ ಎರಡನ್ನೂ ಅದರಿಂದಲೇ ಮುರಿದುಕೊಂಡರೆ ಉಳಿಯುವುದು 4,07,600. ಮುರಿಸಿ, ಫೀಸು ಕಟ್ಟಿ, ಉಳಿದದ್ದನ್ನು ಆರು ತಿಂಗಳಿಗೆ 6 ಪರ್ಸೆಂಟಿಗೆ ಇಟ್ಟಿದ್ದರೆ 3,88,800 ಆಗುತ್ತಿತ್ತು. ಹೆಚ್ಚು ಕಡಿಮೆ 18,800 ರೂಪಾಯಿ ವ್ಯತ್ಯಾಸ. ಅಕ್ಕ ಸಾಲವನ್ನೇ ತೆಗೆದರು. ಮಧ್ಯದಲ್ಲಿ ಒಂದು ಕಂತನ್ನೂ ಕೈಯಿಂದ ಕಟ್ಟಬೇಕಾಗಲಿಲ್ಲ.

ಇದರಲ್ಲಿ ಒಂದು ಸೂತ್ರ ಇದೆ. ಮುರಿಸುವ ನಷ್ಟ ಹಿಂದಿನ ದಿನಗಳ ಮೇಲೆ ಬೀಳುತ್ತದೆ, ಸಾಲದ ಖರ್ಚು ಮುಂದಿನ ದಿನಗಳ ಮೇಲೆ. ಹಾಗಾಗಿ ಮುರಿಸುವ ನಷ್ಟವನ್ನು, ಸಾಲಕ್ಕೂ ಎಫ್‌ಡಿಗೂ ಇರುವ ಒಂದು ವರ್ಷದ ಬಡ್ಡಿ ಅಂತರದಿಂದ ಭಾಗಿಸಿ. ಅಕ್ಕನ ಲೆಕ್ಕದಲ್ಲಿ ಅಂತರ 2 ಲಕ್ಷಕ್ಕೆ ಒಂದು ಪರ್ಸೆಂಟ್, ಅಂದರೆ ವರ್ಷಕ್ಕೆ 2,000. ನಷ್ಟ 17,300. ಎಂಟು ವರ್ಷ ಸಾಲ ಇಟ್ಟುಕೊಂಡರೂ ಮುರಿಸುವುದಕ್ಕಿಂತ ಅಗ್ಗ. ಎಫ್‌ಡಿಗೆ ಉಳಿದದ್ದು ಬರೀ ಆರು ತಿಂಗಳು!

ಈಗ ತಿರುಗಿಸಿ ನೋಡಿ. ಅದೇ 5 ಲಕ್ಷ, ಅದೇ ದರ, ಆದರೆ ಇಟ್ಟು ಮೂರೇ ತಿಂಗಳು. ಬೇಕಾದದ್ದು ನಾಲ್ಕೂವರೆ ಲಕ್ಷ. ಮೂರು ತಿಂಗಳ ದರ 5, ಒಂದು ಕಳೆದು 4. ಬಡ್ಡಿ 8,750ರ ಬದಲು 5,000. ನಷ್ಟ 3,750 ಮಾತ್ರ. ಸಾಲ ತೆಗೆದರೆ ಅಂತರ ವರ್ಷಕ್ಕೆ 4,500. ಭಾಗಿಸಿದರೆ ಹತ್ತು ತಿಂಗಳು. ಹತ್ತು ತಿಂಗಳೊಳಗೆ ದುಡ್ಡು ವಾಪಸ್ ಬರುವುದು ಖಂಡಿತ ಇದ್ದರೆ ಸಾಲ ತೆಗೆಯಿರಿ. ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಮುರಿಸಿಬಿಡಿ. ಸುಮ್ನೆ ಎಫ್‌ಡಿ ಉಳಿಯಿತು ಎಂಬ ಸಮಾಧಾನಕ್ಕೆ ಎರಡೂ ಮುಕ್ಕಾಲು ವರ್ಷ ಬಡ್ಡಿ ಕಟ್ಟಬೇಡಿ.

ತೆರಿಗೆ ಕಟ್ಟುವವರಿಗೆ ಈ ಅಂತರ ಇನ್ನೂ ದೊಡ್ಡದು. ಎಫ್‌ಡಿ ಬಡ್ಡಿಗೆ ಪೂರ್ತಿ ತೆರಿಗೆ ಇದೆ, ಮನೆ ಖರ್ಚಿಗೆ ತೆಗೆದ ಸಾಲದ ಬಡ್ಡಿಯನ್ನು ಅದರಿಂದ ಕಳೆಯಲಿಕ್ಕೆ ಬರುವುದಿಲ್ಲ. 20 ಪರ್ಸೆಂಟ್ ತೆರಿಗೆ ಇರುವವರಿಗೆ 7 ಪರ್ಸೆಂಟ್ ಬಡ್ಡಿಯಲ್ಲಿ ಉಳಿಯುವುದು 5.6. ಕಟ್ಟುವುದು 8. ಅಂತರ ಒಂದಲ್ಲ, 2.4. ಮೇಲಿನ ಹತ್ತು ತಿಂಗಳು ಅವರಿಗೆ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದೇ ದುಡ್ಡನ್ನು ಹೋಟೆಲಿಗೋ ಅಂಗಡಿಗೋ ಹಾಕಿದರೆ ಮಾತ್ರ ಆ ಬಡ್ಡಿಯನ್ನು ವ್ಯಾಪಾರದ ಖರ್ಚು ಅಂತ ತೋರಿಸಬಹುದು.

ಸಾಲ ಎಂದು ತೀರ್ಮಾನವಾದರೆ ಓವರ್‌ಡ್ರಾಫ್ಟ್ ಕೇಳಿ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ. ಕಂತಿನ ಸಾಲದಲ್ಲಿ ಪೂರ್ತಿ ಮೊತ್ತಕ್ಕೆ ಮೊದಲ ದಿನದಿಂದ ಬಡ್ಡಿ. ಓವರ್‌ಡ್ರಾಫ್ಟಿನಲ್ಲಿ ತೆಗೆದಷ್ಟಕ್ಕೆ, ತೆಗೆದಷ್ಟು ದಿನಕ್ಕೆ. ಸಂಬಳ ಬಂದ ದಿನ ಹತ್ತು ಸಾವಿರ ಹಾಕಿದರೆ ಮರುದಿನದಿಂದಲೇ ಬಡ್ಡಿ ಇಳಿಯುತ್ತದೆ. ಆದರೆ ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರುತ್ತಾ ಹೋಗಿ, ಎಫ್‌ಡಿ ಮೊತ್ತದ ಹತ್ತಿರ ಬಂದಾಗ ಬ್ಯಾಂಕು ಎಫ್‌ಡಿಯನ್ನೇ ಮುರಿದು ಜಮೆ ಮಾಡಿಕೊಳ್ಳುತ್ತದೆ. ಆಗ ಸಾಲದ ಬಡ್ಡಿಯೂ ಹೋಯಿತು, ಮುರಿದ ನಷ್ಟವೂ ಬಂತು.

ಕೌಂಟರಿನಲ್ಲಿ "ಪರ್ಸನಲ್ ಲೋನ್ ತಗೊಳ್ಳಿ, ಫೋನಲ್ಲೇ ಆಗ್ತದೆ" ಅಂದರೆ ಒಪ್ಪಬೇಡಿ. ಅದರ ಬಡ್ಡಿ ಬಹಳ ಜಾಸ್ತಿ, ಜತೆಗೆ ಪ್ರೊಸೆಸಿಂಗ್ ಶುಲ್ಕ ಬೇರೆ. ಒತ್ತೆಗೆ ಎಫ್‌ಡಿ ಇಟ್ಟುಕೊಂಡು ಒತ್ತೆ ಇಲ್ಲದ ಸಾಲ ಯಾಕೆ ಬೇಕು ಅಲ್ವಾ? ಪತಪೇಢಿಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಎಫ್‌ಡಿ ಇಟ್ಟವರು ಅಲ್ಲಿಯ ನಿಯಮವನ್ನು ಅಲ್ಲಿಯೇ ಕೇಳಬೇಕು. ಅದು ಬ್ಯಾಂಕ್ ಅಲ್ಲ, ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಅಲ್ಲಿ ಇಲ್ಲ. ಅಲ್ಲಿ ಮುರಿಸುವ ಅವಕಾಶ ಸಿಕ್ಕರೆ ನಾನಾದರೆ ಲೆಕ್ಕ ಹಾಕದೆ ಮುರಿಸುತ್ತೇನೆ.

ಮುಂದಿನ ಸಲ ಐದು ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡಬೇಡಿ. ಒಂದೊಂದು ಲಕ್ಷದ ಐದು ಮಾಡಿ. ಬೇಕಾದಾಗ ಎಲ್ಲಕ್ಕಿಂತ ಹೊಸದಾದ ಒಂದೋ ಎರಡೋ ಮುರಿಸಿದರೆ ಸಾಕು, ಉಳಿದವು ಬೆಳೆಯುತ್ತಿರುತ್ತವೆ.

ಸಾಲ ತೀರಿಸಿದ ದಿನ ಎದ್ದು ಬರುವ ಮುಂಚೆ ಒಂದು ಕೆಲಸ ಇದೆ. ಸಾಲ ಕೊಡುವಾಗ ಬ್ಯಾಂಕು ಎಫ್‌ಡಿ ಮೇಲೆ ತನ್ನ ಹಕ್ಕು ಗುರುತು ಹಾಕುತ್ತದೆ, ಅದಕ್ಕೆ ಲೀನ್ ಎನ್ನುತ್ತಾರೆ. ಸಾಲದ ಖಾತೆ ಮುಚ್ಚಿದ ಮಾತ್ರಕ್ಕೆ ಅದು ಯಾವಾಗಲೂ ತಾನಾಗಿ ಹೋಗುವುದಿಲ್ಲ. ನನ್ನ ಹೆಂಡತಿಯ ಎಫ್‌ಡಿಯಲ್ಲಿ ಹೀಗೇ ಆಯಿತು. ಸಾಲ ತೀರಿ ನಾಲ್ಕು ತಿಂಗಳಾಗಿತ್ತು, ಎಫ್‌ಡಿ ಮುಗಿದ ದಿನ ದುಡ್ಡು ಖಾತೆಗೆ ಬರಲೇ ಇಲ್ಲ. ಹೋಗಿ ವಿಚಾರಿಸಿದರೆ ಲೀನ್ ಹಾಗೇ ಕೂತಿತ್ತು, ತೆಗೆಸಲಿಕ್ಕೆ ಮೂರು ಸಲ ಓಡಾಡಬೇಕಾಯಿತು. ಸಾಲಕ್ಕೆಂದು ಹಿಂಬದಿಗೆ ಸಹಿ ಹಾಕಿಸಿ ಇಟ್ಟುಕೊಂಡ ರಸೀದಿಯನ್ನು ಅಲ್ಲೇ ವಾಪಸ್ ಕೇಳಿ. ಕೌಂಟರಿನಲ್ಲಿರುವವರಿಗೆ ಕಂಪ್ಯೂಟರ್ ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ. ಲೀನ್ ಎಂದಿರುವ ಕಡೆ ಸೊನ್ನೆ ಕಂಡ ಮೇಲೆ ಎದ್ದು ಬನ್ನಿ.