ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಕಾರ್ ಚಾರ್ಜರ್: ಕೆಂಪು ಗುಂಡಿ ಗೇಟಿನ ಬಳಿ ಇರಲಿ

ಅಪಾರ್ಟ್‌ಮೆಂಟಿಗೆ ಮೊದಲ ಎಲೆಕ್ಟ್ರಿಕ್ ಕಾರು ಬಂದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ನೀರಿನ ಪಂಪಿನ ಬೋರ್ಡಿನಿಂದ ವಯರ್ ಎಳೆದು, ಪಾರ್ಕಿಂಗ್ ಕಂಬಕ್ಕೆ 16 ಆಂಪ್‌ನ ಮಾಮೂಲಿ ಪ್ಲಗ್ ಹೊಡೆದು, ಕೆಲಸ ಮುಗಿಯಿತು ಎನ್ನುತ್ತಾರೆ. ಗೀಸರಿಗೆ ಆ ಪ್ಲಗ್ ಸಾಕು. ಅದು ಹದಿನೈದು ನಿಮಿಷ ಉರಿದು ಆರುತ್ತದೆ. ಕಾರು ಹಾಗಲ್ಲ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 14-15 ಆಂಪ್ ಎಡೆಬಿಡದೆ ಎಳೆಯುತ್ತದೆ. ಪ್ಲಗ್ಗಿನ ಒಳಗಿನ ಹಿತ್ತಾಳೆ ಹಿಡಿತ ಕಾದು ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಕಾಯುತ್ತದೆ. ತೂತಿನ ಸುತ್ತ ಕಂದು ಬಣ್ಣ ಕಂಡರೆ ಆ ಪ್ಲಗ್ಗಿನ ಆಯುಸ್ಸು ಮುಗಿದಿದೆ. 3.3 ಕಿಲೋವ್ಯಾಟ್‌ನ ಪೋರ್ಟಬಲ್ ಚಾರ್ಜರ್ ಇದ್ದರೂ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೂ ಅದನ್ನು ಒಪ್ಪುವುದಿಲ್ಲ.

ಕಾರವಾರದ ಒಂದು ಹನ್ನೆರಡು ಮನೆಗಳ ಕಟ್ಟಡ ಎಂದಿಟ್ಟುಕೊಳ್ಳೋಣ. ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್, ಹಿಂಬದಿಯಲ್ಲಿ ಮೆಟ್ಟಿಲಿನ ಪಕ್ಕ ಮೀಟರ್ ಕೋಣೆ, ಅಲ್ಲಿಂದ ಕಾರು ನಿಲ್ಲುವ ಜಾಗಕ್ಕೆ ಗೋಡೆ ಹಿಡಿದು ಹೋದರೆ 40 ಮೀಟರ್. ಸದ್ಯ ಮೂರು ಮನೆಯವರಿಗೆ 7.2 ಕಿಲೋವ್ಯಾಟ್, ಅಂದರೆ ಸುಮಾರು 32 ಆಂಪ್‌ನ ಚಾರ್ಜರ್ ಬೇಕು.

ಜಾಗ

ಮೆಟ್ಟಿಲು, ಲಿಫ್ಟ್, ಮೀಟರ್ ಕೋಣೆ, ಜನರೇಟರ್, ಗ್ಯಾಸ್ ಸಿಲಿಂಡರ್ ಇಡುವ ಜಾಗ ಇವುಗಳ ಪಕ್ಕ ಬೇಡ. ಪಾರ್ಕಿಂಗ್‌ನ ಹೊರ ಅಂಚಿನ ಸಾಲು ಒಳ್ಳೆಯದು. ಹೊಗೆ ಎದ್ದರೆ ಆಚೆ ಹೋಗುತ್ತದೆ, ಅಗ್ನಿಶಾಮಕದ ಪೈಪೂ ಅಲ್ಲಿಗೆ ಮುಟ್ಟುತ್ತದೆ. ಮೆಟ್ಟಿಲ ಬಾಯಲ್ಲಿ ಕಾರು ಹೊತ್ತಿದರೆ ಮೆಟ್ಟಿಲೇ ಚಿಮಣಿಯಾಗಿ ಮೇಲಿನ ಮನೆಯವರಿಗೆ ಇಳಿಯುವ ದಾರಿ ಉಳಿಯುವುದಿಲ್ಲ. ಹೊರ ಅಂಚು ಎಂದಮಾತ್ರಕ್ಕೆ ಪಡುವಣ ದಿಕ್ಕು ಆರಿಸಬೇಡಿ, ಜೂನ್‌ನಿಂದ ಇರಚಲು ಹೊಡೆಯುವುದೇ ಆ ಕಡೆಯಿಂದ. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು, ಕಾರಿನ ಚಾರ್ಜಿಂಗ್ ಬಾಯಿ ಅಲ್ಲಿಂದ 5 ಮೀಟರ್ ಒಳಗೆ ಬರಬೇಕು. ನೀರು ನಿಲ್ಲುವ ಪಾರ್ಕಿಂಗ್ ಆದರೆ ಕಳೆದ ಮಳೆಗಾಲದ ಗೆರೆ ಗೋಡೆಯ ಮೇಲೆ ಇರುತ್ತದೆ, ಅದನ್ನು ನೋಡಿ ಎತ್ತರ ನಿರ್ಧರಿಸಿ.

ಕೇಬಲ್

6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 32 ಆಂಪ್ ಹೊರುತ್ತದೆ, ಸುಳ್ಳಲ್ಲ. ಆದರೆ 40 ಮೀಟರ್ ಓಟದಲ್ಲಿ ಸುಮಾರು 9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 10 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ ಐದೂವರೆ ವೋಲ್ಟಿಗೆ ಇಳಿಯುತ್ತದೆ. ಬೇಸಿಗೆಯ ಸಂಜೆ ವೋಲ್ಟೇಜ್ ಮೊದಲೇ ಕುಸಿದಿರುವ ಕಡೆ 6ರ ಕೇಬಲ್ ಹಾಕಿದವರ ಚಾರ್ಜರ್ ಆಗಾಗ ನಿಂತುಬಿಡುವುದು ಇದಕ್ಕೇ. 10 ಹಾಕಿಸಿ, ಮುಂದೆ ಕಿತ್ತು ಹಾಕುವ ಖರ್ಚಿಗಿಂತ ಅಗ್ಗ.

ಪ್ರತಿ ಚಾರ್ಜರಿಗೂ ಆಯಾ ಮನೆಯ ಮೀಟರಿನಿಂದಲೇ ಪ್ರತ್ಯೇಕ ಲೈನ್ ಬರಲಿ. ಅದನ್ನು ಮನೆಯ ಒಳಗಿನ ಬೋರ್ಡಿನಿಂದಲ್ಲ, ಮೀಟರ್ ದಾಟಿದ ಕೂಡಲೇ ತೆಗೆಯಿರಿ. ಇನ್ವರ್ಟರ್ ಅಥವಾ ಜನರೇಟರಿನ ಚೇಂಜ್‌ಓವರ್ ಸ್ವಿಚ್ಚು ದಾಟಿದ ಮೇಲೆ ತೆಗೆದರೆ ಕರೆಂಟ್ ಹೋದ ಕ್ಷಣವೇ ಕಾರಿನ ಭಾರ ಅವುಗಳ ತಲೆಗೆ ಬೀಳುತ್ತದೆ. ಹೆಚ್ಚುವರಿ ಲೋಡಿಗೆ ಹೆಸ್ಕಾಂನಿಂದ ಮೊದಲೇ ಮಂಜೂರಾತಿ ಪಡೆದಿರಿ.

ತಪ್ಪುವುದು ಇಲ್ಲಿ: ಕರೆಂಟ್ ಕಡಿಯುವ ವ್ಯವಸ್ಥೆ

ಇದಕ್ಕೆ ಎರಡು ಬೇರೆ ಬೇರೆ ಕೆಲಸಗಳಿವೆ. ಸೋರಿಕೆಯಾದರೆ ತಾನಾಗಿ ಕಡಿಯಬೇಕು, ಬೆಂಕಿ ಕಂಡರೆ ಮನುಷ್ಯ ಕಡಿಯಬೇಕು. ಬಹಳ ಕಡೆ ಮೊದಲನೆಯದನ್ನು ತಪ್ಪಾಗಿ ಮಾಡುತ್ತಾರೆ, ಎರಡನೆಯದನ್ನು ಮಾಡುವುದೇ ಇಲ್ಲ.

ಮೊದಲು ಸೋರಿಕೆ. ಪ್ರತಿ ಲೈನಿಗೂ ಮೀಟರ್ ಕೋಣೆಯಲ್ಲೇ ಕರೆಂಟ್ ಮಿತಿಮೀರಿದರೆ ಬೀಳುವ 40 ಆಂಪ್‌ನ ಡಬಲ್ ಪೋಲ್ ಎಂಸಿಬಿ, ಅದರ ಜೊತೆಗೆ ಸೋರಿಕೆಯಾದರೆ ಬೀಳುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಕು. ಲೈನಿನ ಆರಂಭದಲ್ಲೇ ಇಟ್ಟರೆ ದಾರಿಯ ಕೇಬಲಿಗೂ ರಕ್ಷಣೆ ಸಿಗುತ್ತದೆ. ಅಂಗಡಿಯವರು ಕೊಡುವ ಆರ್‌ಸಿಸಿಬಿಯ ಮುಖದ ಮೇಲಿನ ಚಿತ್ರ ನೋಡಿ. ಒಂದು ಅಲೆ ಮಾತ್ರ ಇದ್ದರೆ ಅದು ಎಸಿ ಮಾದರಿ, ಬೇಡ. ಅಲೆಯ ಕೆಳಗೆ ಅರ್ಧರ್ಧ ಗುಡ್ಡಗಳಂಥ ಗೆರೆಯೂ ಇದ್ದರೆ ಅದು ಎ ಮಾದರಿ, ಕಾರಿಗೆ ಕನಿಷ್ಠ ಬೇಕಾದದ್ದು ಇದೇ. ಕಾರಿನ ಒಳಗಿನ ಚಾರ್ಜರ್ ಕೆಟ್ಟರೆ ಡಿಸಿ ಕರೆಂಟ್ ಸೋರಬಹುದು. ಎಸಿ ಮಾದರಿಯ ಒಳಗಿನ ಕಬ್ಬಿಣದ ಉಂಗುರ ಆ ಡಿಸಿಗೆ ಮರಗಟ್ಟಿ, ಆಮೇಲೆ ನಿಜವಾದ ಸೋರಿಕೆಗೂ ಬೀಳುವುದಿಲ್ಲ. ಎ ಮಾದರಿಯೂ 6 ಮಿಲಿಆಂಪ್ ಡಿಸಿವರೆಗೆ ಮಾತ್ರ ತಡೆದುಕೊಳ್ಳುತ್ತದೆ. ಹಾಗಾಗಿ ಗೋಡೆಗೆ ಹಾಕುವ ಚಾರ್ಜರ್ ಕೊಳ್ಳುವಾಗ ‘6 ಮಿಲಿಆಂಪ್ ಡಿಸಿ ಸೋರಿಕೆ ಪತ್ತೆ’ ಒಳಗೇ ಇದೆಯೇ ಎಂದು ವಿವರಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ಹಲವು ಪಟ್ಟು ದುಬಾರಿಯಾದ ಬಿ ಮಾದರಿಯ ಆರ್‌ಸಿಸಿಬಿ ಕೊಳ್ಳಬೇಕಾಗುತ್ತದೆ.

ಆರ್‌ಸಿಸಿಬಿ ಪದೇಪದೇ ಬೀಳುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ವಯರಿಂಗ್ ತಪ್ಪು ಇರುತ್ತದೆ. ಫೇಸನ್ನು ಆರ್‌ಸಿಸಿಬಿ ಮೂಲಕ ತಂದು ನ್ಯೂಟ್ರಲನ್ನು ಪಕ್ಕದ ಪಟ್ಟಿಯಿಂದ ಎತ್ತಿದ್ದರೆ ಕಾರು ಚಾರ್ಜ್ ಶುರುವಾದ ಕೂಡಲೇ ಅದು ಬೀಳಲೇಬೇಕು. ಎರಡೂ ಒಂದೇ ಆರ್‌ಸಿಸಿಬಿಯ ಹೊಟ್ಟೆಯಿಂದ ಹೊರಬರಬೇಕು. ತಪ್ಪು ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬದಿಗಿಟ್ಟು ನೇರ ಕೊಡುವ ಚಾಳಿ ಇದೆ, ಅಂಥ ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆಯಬೇಡಿ.

ಇದಕ್ಕಿಂತ ಕೆಟ್ಟ ಅಡ್ಡದಾರಿ ಇನ್ನೊಂದಿದೆ. ಅರ್ಥಿಂಗ್ ಸರಿಯಿಲ್ಲ ಎಂದು ಚಾರ್ಜರ್ ಕೆಂಪು ದೀಪ ತೋರಿಸಿದಾಗ ಸಾಕೆಟ್ಟಿನ ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನಿಗೆ ತುಂಡು ವಯರ್ ಕಟ್ಟುತ್ತಾರೆ. ದೀಪ ಹಸಿರಾಗುತ್ತದೆ. ಆದರೆ ಆ ಲೈನಿನ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಹೇಳಬೇಕಿಲ್ಲ. ಸರಿಯಾದ ದಾರಿ ಅರ್ಥ್ ಹೊಂಡ ಸರಿಪಡಿಸುವುದು. ನಮ್ಮ ಕಡೆಯ ಚಿರೆಕಲ್ಲು ನೆಲ, ಮರಳು ನೆಲ ಮಳೆಗಾಲದಲ್ಲಿ ನೆನೆದು ಅರ್ಥಿಂಗ್ ಚೆನ್ನಾಗಿದೆ ಎಂದು ತೋರಿಸುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಕೈಕೊಡುತ್ತದೆ. ಆದ್ದರಿಂದ ಅಳತೆ ಬೇಸಿಗೆಯಲ್ಲೇ ಮಾಡಿಸಿ. ಉಪ್ಪು ನೆಲದಲ್ಲಿ ಜಿಐ ಪೈಪ್ ಬೇಗ ತುಕ್ಕು ಹಿಡಿಯುತ್ತದೆ, ತಾಮ್ರ ಲೇಪಿತ ರಾಡ್ ಹಾಕಿ.

ಇನ್ನು ಮನುಷ್ಯ ಕಡಿಯುವ ಸ್ವಿಚ್ಚು. ಮೂರು ಚಾರ್ಜರ್, ಮೂರು ಮೀಟರ್. ಒಂದು ಕಾರಿನ ಬಳಿ ಹೊಗೆ ಕಂಡಾಗ ಯಾವುದು ಯಾರದ್ದೆಂದು ಮೀಟರ್ ಕೋಣೆಯಲ್ಲಿ ಹುಡುಕಲು ಆಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಆ ಕೋಣೆ ಕಟ್ಟಡದ ಹಿಂಬದಿಗಿದೆ, ಹೊಗೆ ದಾಟಿಯೇ ಹೋಗಬೇಕು. ಹಾಗಾಗಿ ಗೇಟಿನ ಬಳಿ, ಪಾರ್ಕಿಂಗ್‌ನ ಹೊರಗೆ, ಎಲ್ಲ ಚಾರ್ಜರುಗಳನ್ನೂ ಒಟ್ಟಿಗೆ ಕಡಿಯುವ ಒಂದು ಕೆಂಪು ಗುಂಡಿ ಬೇಕು.

ಇದಕ್ಕೆ ಕೆಲವರು ಎಂಸಿಬಿಗೆ ಶಂಟ್ ಟ್ರಿಪ್ ಜೋಡಿಸುತ್ತಾರೆ, ಗುಂಡಿಯಿಂದ ಕರೆಂಟ್ ಬಂದಾಗ ಅದು ಎಂಸಿಬಿಯನ್ನು ಬೀಳಿಸುತ್ತದೆ. ಗುಂಡಿಗೆ ಹೋದ ವಯರನ್ನು ಇಲಿ ಕಡಿದರೆ ಶಂಟ್ ಟ್ರಿಪ್ ಕೆಲಸ ಮಾಡುವುದಿಲ್ಲ, ಅದು ಬೆಂಕಿಯ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟ್ ತಪ್ಪಿದಾಗ ಎಂಸಿಬಿಯನ್ನು ಬೀಳಿಸುವ ಅಂಡರ್‌ವೋಲ್ಟೇಜ್ ರಿಲೀಸ್ ಹಾಕಿದರೆ ವಯರ್ ಕಡಿದ ಕೂಡಲೇ ಗೊತ್ತಾಗುತ್ತದೆ, ಆದರೆ ಜುಲೈನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಯಾರಾದರೂ ಕೆಳಗಿಳಿದು ಎಂಸಿಬಿ ಎತ್ತಬೇಕು. ಈ ಕರಾವಳಿಗೆ ಹೊಂದುವುದು ಕಾಂಟ್ಯಾಕ್ಟರ್, ಅಂದರೆ ತನ್ನ ಕಾಯಿಲಿಗೆ ಕರೆಂಟ್ ಇರುವವರೆಗೆ ಮಾತ್ರ ಕೂಡಿಕೊಂಡಿರುವ ಸ್ವಿಚ್ಚು. ಪ್ರತಿ ಲೈನಿನಲ್ಲೂ ಎರಡು ಪೋಲಿನ 40 ಆಂಪ್ ಕಾಂಟ್ಯಾಕ್ಟರ್ ಇಡಿ. ಮೂರರ ಕಾಯಿಲಿಗೂ ಕಟ್ಟಡದ ಸಾಮಾನ್ಯ ಮೀಟರಿನಿಂದ 2 ಆಂಪ್ ಎಂಸಿಬಿ ಮೂಲಕ, ಗೇಟಿನ ಗುಂಡಿಯನ್ನು ದಾಟಿ ಬರುವ ಒಂದೇ ಫೇಸ್ ಕೊಡಿ. ಗುಂಡಿ ಸಾಮಾನ್ಯವಾಗಿ ಕೂಡಿಕೊಂಡಿರುವ, ಒತ್ತಿದರೆ ಬಿಡುವ, ತಿರುಗಿಸಿದರೆ ಮಾತ್ರ ಮರಳುವ ಜಾತಿಯದಾಗಿರಲಿ. ವಯರ್ ಕಡಿದರೆ ಚಾರ್ಜಿಂಗ್ ನಿಲ್ಲುತ್ತದೆ, ಕರೆಂಟ್ ಹೋಗಿ ಬಂದರೆ ತಾನೇ ಶುರುವಾಗುತ್ತದೆ. ಕಾಂಟ್ಯಾಕ್ಟರ್ ಇರುವ ಬಾಕ್ಸಿನೊಳಗೆ ಒಂದಕ್ಕಿಂತ ಹೆಚ್ಚು ಮೂಲದ ಕರೆಂಟ್ ಇರುತ್ತದೆ, ಮುಚ್ಚಳದ ಮೇಲೆ ದೊಡ್ಡದಾಗಿ ಬರೆಸಿ.

ಕಾಂಟ್ಯಾಕ್ಟರ್ ಬಿಟ್ಟಿದೆ ಎಂದುಕೊಂಡು ಚಾರ್ಜರ್ ಬಿಚ್ಚಬಾರದು. ಅದರ ಬಾಯಿ ಕಾದು ಅಂಟಿಕೊಂಡಿರಬಹುದು. ರಿಪೇರಿಗೆಂದೇ ಪ್ರತಿ ಚಾರ್ಜರಿನ ಪಕ್ಕ ಫೇಸ್-ನ್ಯೂಟ್ರಲ್ ಎರಡನ್ನೂ ಕಡಿಯುವ, ಬೀಗ ಹಾಕಲು ಬರುವ ಐಸೋಲೇಟರ್ ಇರಬೇಕು. ತಿಂಗಳಿಗೊಮ್ಮೆ ಕೆಂಪು ಗುಂಡಿ ಒತ್ತಿ ಮೂರೂ ಚಾರ್ಜರುಗಳ ದೀಪ ಆರಿತೇ ನೋಡಿ. ಒಂದು ಉಳಿದರೆ ಅದರ ಕಾಂಟ್ಯಾಕ್ಟರ್ ಅಂಟಿದೆ.

ಸ್ಕ್ರೂ ಮತ್ತು ಉಪ್ಪು

ಸಡಿಲ ಸ್ಕ್ರೂ ಒಂದರಲ್ಲಿ ಒಂದು ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ತಡೆ ಇದ್ದರೂ 32 ಆಂಪ್‌ಗೆ ಅಲ್ಲಿ 51 ವ್ಯಾಟ್ ಶಾಖ ಹುಟ್ಟುತ್ತದೆ, ಬೆಸುಗೆ ಹಾಕುವ ಕಡ್ಡಿಯಷ್ಟು. ಎಂಸಿಬಿ ಇದಕ್ಕೆ ಬೀಳುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ. ಆರ್‌ಸಿಸಿಬಿಯೂ ಬೀಳುವುದಿಲ್ಲ, ಏಕೆಂದರೆ ಸೋರಿಕೆ ಇಲ್ಲ. ಇದನ್ನು ತಡೆಯುವುದು ಕೈಕೆಲಸ ಮಾತ್ರ. ಎಳೆಎಳೆಯ ತಂತಿಗೆ ಕಲಾಯಿ ಹಾಕಿದ ತಾಮ್ರದ ಲಗ್ ಎಂಬ ತುದಿಕೊಳವೆ ಒತ್ತಿಸಿ, ಎಂಸಿಬಿಯ ಮೈಮೇಲೆ ಅಥವಾ ಕಾಗದದಲ್ಲಿ ಬರೆದಷ್ಟೇ ಬಿಗಿಗೆ ಟಾರ್ಕ್ ಸ್ಕ್ರೂಡ್ರೈವರ್‌ನಿಂದ ಬಿಗಿಸಿ. ಹಳೆ ಕಟ್ಟಡದ ಅಲ್ಯುಮಿನಿಯಂ ಕೇಬಲನ್ನು ತಾಮ್ರಕ್ಕೆ ನೇರ ಸೇರಿಸಬೇಡಿ, ಉಪ್ಪುಗಾಳಿಯಲ್ಲಿ ಆ ಜೋಡಣೆ ಬೇಗ ಕೊಳೆಯುತ್ತದೆ, ಬೈಮೆಟಲ್ ಲಗ್ ಬೇಕು. ಎಂಸಿಬಿಗಳನ್ನು ಒತ್ತೊತ್ತಾಗಿ ಕೂರಿಸದೆ ನಡುವೆ ಒಂದು ಖಾಲಿ ಜಾಗ ಬಿಡಿ. ಬಾಕ್ಸ್ ತಗಡಿನದ್ದು ಬೇಡ, ನೀರು, ಧೂಳು ಒಳಗೆ ಬಿಡದ ಐಪಿ65ರ ಪಾಲಿಕಾರ್ಬೊನೇಟ್ ತನ್ನಿ. ಕೇಬಲ್ ಕೆಳಗಿನಿಂದ, ಸ್ವಲ್ಪ ಜೋತು ಬಿದ್ದು ಒಳಗೆ ಹೋಗಲಿ, ಹರಿದ ನೀರು ಜೋತಲ್ಲೇ ತೊಟ್ಟಿಕ್ಕುತ್ತದೆ.

ಮೊದಲ ರಾತ್ರಿ ಚಾರ್ಜಿಗೆ ಹಾಕಿ ಒಂದು ಗಂಟೆಯ ನಂತರ ಎಂಸಿಬಿ, ಐಸೋಲೇಟರ್, ಸಾಕೆಟ್ ಮುಚ್ಚಳಗಳನ್ನು ಹೊರಗಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ.

ಹೊಗೆ ಕಂಡರೆ

ಗುಂಡಿ ಒತ್ತಿ. ಉರಿಯುತ್ತಿರುವುದು ಸಾಕೆಟ್ ಅಥವಾ ಬಾಕ್ಸ್ ಆದರೆ ಎಬಿಸಿ ಪೌಡರ್ ಅಥವಾ ಸಿಒ2 ಸಿಲಿಂಡರಿಗೆ ಆರುತ್ತದೆ, ಅದೂ ಗೇಟಿನ ಬಳಿಯೇ ತೂಗುತ್ತಿರಲಿ. ಕಾರಿನ ಹೊಟ್ಟೆಯ ಕೆಳಗಿನಿಂದ ಬಿಳಿ ಹೊಗೆ, ಸುಸ್ಸೆನ್ನುವ ಸದ್ದು ಬಂದರೆ ಅದು ಬ್ಯಾಟರಿ. ಗುಂಡಿ ಗೋಡೆಯ ಕರೆಂಟನ್ನು ಕಡಿಯುತ್ತದೆ, ಬ್ಯಾಟರಿಯೊಳಗಿನ ಶಕ್ತಿಯನ್ನಲ್ಲ. ಪೌಡರಿಗೂ ಅದು ಜಗ್ಗುವುದಿಲ್ಲ, ಹೊಗೆಯೂ ವಿಷ. ಮೆಟ್ಟಿಲ ಬಾಗಿಲು ಮುಚ್ಚಿ, ಜನರನ್ನು ಹೊರಗೆ ತಂದು 112ಕ್ಕೆ ಕರೆ ಮಾಡಿ, ಎಲೆಕ್ಟ್ರಿಕ್ ಕಾರು ಎಂದು ಮೊದಲೇ ಹೇಳಿ. ಅವರು ಬಹಳ ಹೊತ್ತು ನೀರು ಸುರಿದು ತಣ್ಣಗೆ ಮಾಡಬೇಕಾಗುತ್ತದೆ. ಆರಿದ ಕಾರು ಗಂಟೆಗಳ ನಂತರ ಮತ್ತೆ ಹೊತ್ತಬಹುದು, ಅದನ್ನು ಕಟ್ಟಡದ ಕೆಳಗೆ ಉಳಿಸಬೇಡಿ.

ಮಳೆ ಮುಗಿದು ಅಕ್ಟೋಬರ್ ಬಂದಾಗ ಲೈನಿನ ಕರೆಂಟ್ ಕಡಿದು, ಬೀಗ ಹಾಕಿ, ಬಾಕ್ಸುಗಳನ್ನು ತೆರೆಸಿ ಪ್ರತಿ ಸ್ಕ್ರೂ ಬಿಗಿ ನೋಡಿಸಿ. ಲಗ್ಗಿನ ಮೇಲೆ ಹಸಿರು ಕಿಲುಬು ಕಂಡರೆ ಉಜ್ಜಿ ಬಿಡುವುದಲ್ಲ, ತಂತಿಯ ತುದಿ ಕತ್ತರಿಸಿ ಹೊಸ ಲಗ್ ಹಾಕಿಸಿ. ಕೇಬಲ್ ಎಳೆಯುವಾಗಲೇ ಬಾಕ್ಸಿನೊಳಗೆ ಒಂದು ಗೇಣು ಹೆಚ್ಚು ಬಿಟ್ಟಿದ್ದರೆ ಇದಕ್ಕೆ ಪರದಾಡಬೇಕಿಲ್ಲ.