ಸೈಕಲ್ ಡಿಸ್ಕ್ ಬ್ರೇಕಿಗೆ ಡಾಟ್ 4 ಹಾಕಿದ್ದರು

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗನ ಫೋನ್ ಬಂತು. ಅವನು ಶಿರಸಿಯಿಂದ ಕುಮಟೆಗೆ ಸೈಕಲ್ ಮೇಲೆ ಹೊರಟಿದ್ದ. ದೇವಿಮನೆ ಘಟ್ಟ ಅರ್ಧ ಇಳಿದಿದ್ದಾನೆ. "ಮಾವ, ಹಿಂದಿನ ಚಕ್ರ ತಿರುಗ್ತಾನೇ ಇಲ್ಲ. ಬ್ರೇಕ್ ಬಿಟ್ಟರೂ ಹಿಡ್ಕೊಂಡೇ ಇದೆ. ಡಿಸ್ಕಿಂದ ಸುಟ್ಟ ವಾಸನೆ ಬರ್ತಾ ಇದೆ" ಅಂದ. ಡಿಸ್ಕ್ ಮುಟ್ಟಬೇಡ, ನೀರೂ ಹೊಯ್ಯಬೇಡ, ಮರದ ನೆರಳಲ್ಲಿ ಕೂತ್ಕೋ ಅಂದೆ. ಅರ್ಧ ಗಂಟೆ ಆರಿದ ಮೇಲೆ ಚಕ್ರ ಸ್ವಲ್ಪ ಸಡಿಲಾಯಿತು. ಅವನು ಸೈಕಲ್ ತಳ್ಳಿಕೊಂಡು ಕತಗಾಲದವರೆಗೆ ಇಳಿದ. ಸಂಜೆ ಪಿಕಪ್ ಗಾಡಿಯಲ್ಲಿ ಹಾಕಿಸಿ ಸೈಕಲನ್ನು ನನ್ನ ಮನೆಗೆ ತಂದ.

ನಾನು ಹನ್ನೆರಡು ವರ್ಷದಿಂದ ಶಿರಸಿಯಲ್ಲಿ ನನ್ನ ಮತ್ತು ಸ್ನೇಹಿತರ ಸೈಕಲ್‌ಗಳ ಬ್ರೇಕ್ ನಾನೇ ಮಾಡಿಕೊಳ್ಳುತ್ತೇನೆ. ಬ್ರೇಕ್ ಹಿಡಿದುಕೊಳ್ಳುವುದಕ್ಕೆ ಹತ್ತು ಕಾರಣ ಇರಬಹುದು. ಹಾಗಾಗಿ ಮೊದಲು ಕೇಳಿದ್ದು, ಇತ್ತೀಚೆಗೆ ಯಾರಾದರೂ ಇದನ್ನು ಬಿಚ್ಚಿದ್ದಾರಾ ಅಂತ. ಮೂರು ವಾರದ ಹಿಂದೆ ಲಿವರ್ ಮೆತ್ತಗಾಗಿತ್ತಂತೆ. ಒಂದು ಬೈಕ್ ಗ್ಯಾರೇಜಿನಲ್ಲಿ ತೋರಿಸಿದಾಗ ಗಾಳಿ ತೆಗೆದು "ಬ್ರೇಕ್ ಆಯಿಲ್" ತುಂಬಿ ಕೊಟ್ಟರಂತೆ. ಅಲ್ಲಿಗೆ ನನಗೆ ಅನುಮಾನ ಬಂತು. ಅವನದು ಶಿಮಾನೊ ಬ್ರೇಕು. ಅದಕ್ಕೆ ಮಿನರಲ್ ಆಯಿಲ್ ಮಾತ್ರ. ಬೈಕ್ ಗ್ಯಾರೇಜಿನಲ್ಲಿ ಇರುವುದು ಡಾಟ್ 3 ಅಥವಾ ಡಾಟ್ 4 ಅನ್ನುವ ಬೇರೆ ಜಾತಿಯ ಬ್ರೇಕ್ ದ್ರವ. ಬೈಕಿಗೆ ಅದೇ ಸರಿ. ಕೆಲಸ ಮಾಡಿದವನು ಸೈಕಲಿಗೂ ಅದೇ ಅಂದುಕೊಂಡಿದ್ದಾನೆ.

ಅನುಮಾನ ಸಾಕಾಗುವುದಿಲ್ಲ, ನೋಡಬೇಕು. ಚಕ್ರ ಇನ್ನೂ ಬಿಗಿಯಾಗಿತ್ತು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಬಿಡಲು ಇರುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಡಿಲ ಮಾಡಿದೆ. ಎರಡು ಹನಿ ಚಿಮ್ಮಿತು, ಚಕ್ರ ತಕ್ಷಣ ಸಡಿಲಾಯಿತು. ಅಂದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು, ಲಿವರ್ ಅದನ್ನು ವಾಪಸ್ ಬಿಡುತ್ತಿರಲಿಲ್ಲ. ಆದರೂ ಪ್ಯಾಡ್ ಡಿಸ್ಕಿಗೆ ಸ್ವಲ್ಪ ಉಜ್ಜುತ್ತಲೇ ಇತ್ತು. ಅದು ಕ್ಯಾಲಿಪರ್‌ನ ತೊಂದರೆ. ಮೇಲೆ ಲಿವರ್, ಕೆಳಗೆ ಕ್ಯಾಲಿಪರ್ ಒಟ್ಟಿಗೆ ಕೆಟ್ಟರೆ ಎರಡು ಕಡೆ ಬೇರೆ ಬೇರೆ ಭಾಗ ಸವೆದಿರುವುದು ಅಪರೂಪ. ಎರಡೂ ಕಡೆ ಮುಟ್ಟುವುದು ಒಂದೇ, ಒಳಗಿನ ಆಯಿಲ್.

ಸಿರಿಂಜಿನಲ್ಲಿ ಎಲ್ಲಾ ಆಯಿಲ್ ಎಳೆದು ತೊಳೆದ ಉಪ್ಪಿನಕಾಯಿ ಬಾಟಲಿಗೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಪದರ. ಮೇಲೆ ತೆಳುವಾಗಿ ಮಾಸಿದ ಕೆಂಪು, ಕೆಳಗೆ ಜೇನಿನ ಬಣ್ಣ. ಶಿಮಾನೊ ಮಿನರಲ್ ಆಯಿಲ್ ಕೆಂಪು. ಹಗುರ, ಹಾಗಾಗಿ ಮೇಲೆ ತೇಲುತ್ತದೆ. ಕೆಳಗಿನದು ಡಾಟ್. ಖಾತ್ರಿಗೆ ಕೆಳಗಿನದರಿಂದ ಒಂದು ಹನಿ ತೆಗೆದು ಸ್ಟೀಲ್ ಲೋಟದ ನೀರಿಗೆ ಬಿಟ್ಟೆ. ಬೆರಳಲ್ಲಿ ಕಲಕಿದಾಗ ನೀರಿನೊಳಗೆ ಕರಗಿ ಹೋಯಿತು. ಮೇಲಿನದರ ಹನಿ ಬಿಟ್ಟೆ, ಸಾರಿನ ಮೇಲಿನ ಒಗ್ಗರಣೆ ಎಣ್ಣೆ ತರ ದುಂಡಗೆ ತೇಲಿತು. ನಿಮ್ಮ ಬ್ರೇಕಿನಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದರೆ ಈ ಲೋಟದ ಪರೀಕ್ಷೆ ಮಾಡಿ. ಬಣ್ಣ ನಂಬಬೇಡಿ, ಹಳೆಯದಾದರೆ ಎಲ್ಲವೂ ಕಪ್ಪಾಗುತ್ತದೆ. ಕೈಗೆ ತಾಗಿದ್ದನ್ನು ಸೋಪಿನಲ್ಲಿ ತೊಳೆಯಿರಿ. ಡಾಟ್ ಚರ್ಮಕ್ಕೂ ಒಳ್ಳೆಯದಲ್ಲ, ಫ್ರೇಮಿನ ಪೇಂಟನ್ನೂ ಎಬ್ಬಿಸುತ್ತದೆ.

ಈಗ ವಿಷಯ ಇರುವುದು ಆಯಿಲ್ ಸೋರದ ಹಾಗೆ ತಡೆಯುವ ರಬ್ಬರ್ ಸೀಲಿನಲ್ಲಿ. ಬ್ರೇಕಿನೊಳಗಿನ ರಬ್ಬರ್ ನೋಡಲು ಎಲ್ಲಾ ಒಂದೇ ತರ ಕಪ್ಪು. ಆದರೆ ಮಿನರಲ್ ಆಯಿಲ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಇರುವುದು ನೈಟ್ರೈಲ್ ರಬ್ಬರ್, ಎಂಜಿನ್ ಮತ್ತು ಪಂಪಿನ ಆಯಿಲ್ ಸೀಲ್ ಮಾಡುವ ಜಾತಿ. ಡಾಟ್ ಬ್ರೇಕಿನಲ್ಲಿ ಇರುವುದು ಇಪಿಡಿಎಂ ಅನ್ನುವ ಬೇರೆ ರಬ್ಬರ್. ಪೆಟ್ರೋಲಿಯಂ ಎಣ್ಣೆಯನ್ನು ಒಳಗೆ ಬಿಡದ ಹಾಗೆ ನೈಟ್ರೈಲ್ ಮಾಡಿದ್ದಾರೆ. ಡಾಟ್ 3, 4 ಮತ್ತು 5.1 ಎಣ್ಣೆಯೇ ಅಲ್ಲ, ಗ್ಲೈಕಾಲ್ ಈಥರ್ ಅನ್ನುವ, ನೀರಿಗೆ ಹತ್ತಿರದ ದ್ರವ. ಎಣ್ಣೆಯನ್ನು ತಡೆಯುವ ನೈಟ್ರೈಲ್‌ಗೆ ಇದನ್ನು ತಡೆಯಲು ಆಗುವುದಿಲ್ಲ. ಅದು ಮೆಲ್ಲಗೆ ರಬ್ಬರಿನೊಳಗೆ ಇಳಿಯುತ್ತದೆ, ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ. ಉಲ್ಟಾ ಮಾಡಿದರೂ ಕತೆ ಅದೇ. ಇಪಿಡಿಎಂಗೆ ಡಾಟ್ ಏನೂ ಮಾಡುವುದಿಲ್ಲ, ಮಿನರಲ್ ಆಯಿಲ್ ಮಾತ್ರ ಬೇಗ ಉಬ್ಬಿಸಿ ಹಾಳುಮಾಡುತ್ತದೆ. ಎರಡೂ ದ್ರವ ಬ್ರೇಕ್ ಹಿಡಿಯುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಜಗಳ ಇರುವುದು ದ್ರವಕ್ಕೂ ರಬ್ಬರಿಗೂ. ಅದಕ್ಕೇ ಬದಲಾಯಿಸಿ ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ, ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ. ಇವನ ಬ್ರೇಕೂ ಮೊದಲ ವಾರ "ಹೊಸದರ ಹಾಗೆ" ಇತ್ತಂತೆ.

ಉಬ್ಬಿದರೆ ಚಕ್ರ ಏಕೆ ಹಿಡಿದುಕೊಳ್ಳಬೇಕು? ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಮುಖ್ಯ ಅಲ್ಲ, ಮುಖ್ಯ ಅದರ ಸುತ್ತ ಉಂಗುರದ ಹಾಗೆ ಇರುವ, ಅಡ್ಡ ಕತ್ತರಿಸಿದರೆ ಚೌಕವಾಗಿ ಕಾಣುವ ಸೀಲು. ಲಿವರ್ ಒತ್ತಿದಾಗ ಪಿಸ್ಟನ್ ಜತೆ ಆ ಸೀಲು ಕೂದಲೆಳೆಯಷ್ಟು ಬಾಗುತ್ತದೆ. ಬಿಟ್ಟಾಗ ತನ್ನ ಜಾಗಕ್ಕೆ ನೆಟ್ಟಗಾಗಿ ಪಿಸ್ಟನ್ನನ್ನೂ ಅಷ್ಟೇ ಹಿಂದೆ ತರುತ್ತದೆ. ಪ್ಯಾಡ್ ಮತ್ತು ಡಿಸ್ಕ್ ನಡುವೆ ನಾವು ಕಾಣುವ ಆ ಸಣ್ಣ ಸಂದು ಅಲ್ಲಿಂದ ಬರುವುದು. ಸೀಲು ಉಬ್ಬಿ ತಾನು ಕೂರುವ ತೋಡಿನಲ್ಲಿ ತುಂಬಿಕೊಂಡರೆ ಬಾಗಲು ಜಾಗ ಇಲ್ಲ, ಮೆತ್ತಗಾದರೆ ನೆಟ್ಟಗಾಗುವ ಶಕ್ತಿ ಇಲ್ಲ. ಪ್ಯಾಡ್ ಅಲ್ಲೇ ನಿಲ್ಲುತ್ತದೆ.

ಲಿವರ್ ಒಳಗೆ ಇದಕ್ಕಿಂತ ಅಪಾಯದ ಕೆಲಸ ಆಗುತ್ತದೆ. ಅಲ್ಲಿ ಸಿಲಿಂಡರಿಗೂ ಮೇಲಿನ ಟ್ಯಾಂಕಿಗೂ ನಡುವೆ ಒಂದು ಸಣ್ಣ ತೂತು ಇದೆ. ಲಿವರ್ ಬಿಟ್ಟಾಗ ಸೀಲು ಆ ತೂತು ದಾಟಿ ಹಿಂದೆ ಬರಬೇಕು. ಆಗ ಬಿಸಿಗೆ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಹೋಗುತ್ತದೆ. ಉಬ್ಬಿದ ಸೀಲು ತೂತಿನ ಮೇಲೆಯೇ ಕೂತರೆ ದಾರಿ ಮುಚ್ಚಿತು. ಘಟ್ಟದಲ್ಲಿ ಆಯಿಲ್ ಬಿಸಿಯಾಗುತ್ತದೆ, ಹಿಗ್ಗುತ್ತದೆ, ಹೋಗಲು ಜಾಗ ಇಲ್ಲದೆ ಪಿಸ್ಟನ್ನನ್ನು ಒತ್ತುತ್ತದೆ. ಅದರಿಂದ ಪ್ಯಾಡ್ ಇನ್ನಷ್ಟು ಉಜ್ಜುತ್ತದೆ, ಬಿಸಿ ಇನ್ನಷ್ಟು ಏರುತ್ತದೆ. ಶಿರಸಿ ಪೇಟೆಯೊಳಗೆ ಓಡಾಡುವಾಗ ಅವನಿಗೆ ಏನೂ ಕಾಣದೆ, ದೇವಿಮನೆ ಇಳಿಯುವಾಗಲೇ ಬ್ರೇಕ್ ತಾನಾಗಿ ಹಿಡಿದದ್ದು ಇದಕ್ಕೆ. ಮುಂದಿನ ಚಕ್ರಕ್ಕೆ ಹೀಗಾಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ನನಗೆ ಈಗಲೂ ಭಯ ಆಗುತ್ತದೆ.

ಸೀಲು ತೆಗೆದು ನೋಡಿದೆ. ಪಿಸ್ಟನ್ ಹೊರಗೆ ತಂದು, ಗೀರು ಬೀಳದ ಹಾಗೆ ಅಡಿಕೆ ದಬ್ಬೆಯ ಚೂಪು ಕಡ್ಡಿಯಿಂದ ಸೀಲು ಎಬ್ಬಿಸಿದೆ. ಬಿದ್ದು ಒಡೆದ ಅದೇ ಮಾದರಿಯ ಹಳೆಯ ಕ್ಯಾಲಿಪರ್ ನನ್ನ ಹತ್ತಿರ ಇತ್ತು, ಅದರದ್ದೂ ತೆಗೆದು ಪಕ್ಕದಲ್ಲಿಟ್ಟೆ. ಹಳೆಯದರ ಅಂಚು ಚೂಪಾಗಿತ್ತು, ಉಗುರು ಒತ್ತಿದರೆ ಗುರುತು ನಿಲ್ಲುತ್ತಿರಲಿಲ್ಲ. ಇದರ ಅಂಚು ದುಂಡಗಾಗಿತ್ತು, ಉಗುರಿನ ಗುರುತು ಹಾಗೇ ಉಳಿಯಿತು. ಬೆರಳಿಗೆ ಸ್ವಲ್ಪ ಕಪ್ಪು ಅಂಟಿತು. ಹಳೆಯ ಕ್ಯಾಲಿಪರ್‌ನ ತೋಡಿಗೆ ಇದನ್ನು ಕೂರಿಸಲು ನೋಡಿದೆ, ಕೂರಲೇ ಇಲ್ಲ.

"ಪೂರಾ ತೊಳೆದು ಸರಿಯಾದ ಆಯಿಲ್ ಹಾಕಿದ್ರೆ ಆಗಲ್ವಾ ಮಾವ?" ಅಂತ ಹುಡುಗ ಕೇಳಿದ. ತಪ್ಪು ಆಯಿಲ್ ಹಾಕಿ ಗಂಟೆಯೊಳಗೆ ಗೊತ್ತಾಗಿದ್ದರೆ ನಾನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಿನರಲ್ ಆಯಿಲ್ ತುಂಬಿ, ಒಂದು ತಿಂಗಳು ಕಣ್ಣಿಟ್ಟು ನೋಡುತ್ತಿದ್ದೆನೇನೋ. ಮೂರು ವಾರ ಆದ ಮೇಲೆ ಇಲ್ಲ. ದ್ರವ ರಬ್ಬರಿನೊಳಗೇ ಸೇರಿದೆ, ತೊಳೆದರೆ ಹೋಗುವುದು ಹೊರಗಿನದು ಮಾತ್ರ. ಶಿಮಾನೊ ಒಳಗಿನ ಸೀಲನ್ನು ಬಿಡಿಯಾಗಿ ಮಾರುವುದೂ ಇಲ್ಲ. ಅಂಗಡಿಯ ಓ-ರಿಂಗ್ ಹಾಕಿ ನೋಡು ಅಂತ ಸ್ನೇಹಿತರೊಬ್ಬರು ಹೇಳಿದರು. ಆ ಚೌಕ ಸೀಲಿನ ಕೆಲಸ ದುಂಡು ಓ-ರಿಂಗ್ ಮಾಡುವುದಿಲ್ಲ. ಹಾಗಾಗಿ ಹಿಂದಿನ ಲಿವರ್, ಪೈಪ್, ಕ್ಯಾಲಿಪರ್ ಮೂರನ್ನೂ ಹೊಸದಾಗಿ ತರಿಸಿದೆವು. ಪ್ಯಾಡಿಗೂ ಆಯಿಲ್ ತಾಗಿತ್ತು, ಅದನ್ನೂ ಎಸೆದೆವು. ಡಿಸ್ಕ್ ಮಾತ್ರ ಆಲ್ಕೋಹಾಲ್‌ನಲ್ಲಿ ಒರೆಸಿ ಉಳಿಸಿಕೊಂಡೆ.

ಹೊಸ ಪೈಪ್ ಅಳತೆಗೆ ಕತ್ತರಿಸಿದ್ದರಿಂದ ಗಾಳಿ ತೆಗೆಯಬೇಕಿತ್ತು. ಚಕ್ರ, ಪ್ಯಾಡ್ ತೆಗೆದು ಪಿಸ್ಟನ್‌ಗಳ ನಡುವೆ ಹಳದಿ ಬ್ಲೀಡ್ ಬ್ಲಾಕ್ ಇಟ್ಟೆ. ಲಿವರ್ ಮೇಲೆ ಫನಲ್, ಕೆಳಗೆ ಕ್ಯಾಲಿಪರ್‌ಗೆ ಸಿರಿಂಜ್. ಕೆಳಗಿನಿಂದ ಮೆಲ್ಲಗೆ ಕೆಂಪು ಆಯಿಲ್ ಒತ್ತಿದೆ. ಗಾಳಿ ತಾನಾಗಿ ಮೇಲೇರುವ ದಿಕ್ಕು ಅದೇ. ಪೈಪಿಗೆ ಅಲ್ಲಲ್ಲಿ ಸ್ಪ್ಯಾನರ್ ಹಿಡಿಯಿಂದ ತಟ್ಟುತ್ತಾ ಹೋದೆ. ಫನಲ್‌ನಲ್ಲಿ ಗುಳ್ಳೆ ನಿಂತ ಮೇಲೆ ಮುಚ್ಚಿದೆ. ಆ ಸಿರಿಂಜ್ ಹೊಸದು. ಡಾಟ್ ಎಳೆದ ಸಿರಿಂಜನ್ನು ಎಷ್ಟೇ ತೊಳೆದರೂ ಮಿನರಲ್ ಬ್ರೇಕಿಗೆ ಮುಟ್ಟಿಸುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಎರಡು ಜತೆ ಇವೆ, ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಹಳದಿ.

ಹಳದಿ ಟೇಪಿನದು ನನ್ನ ಸ್ವಂತ ಸೈಕಲಿಗೆ. ಅದರಲ್ಲಿ ಸ್ರಾಮ್ ಬ್ರೇಕ್ ಇದೆ, ಡಾಟ್ 5.1. ಆದರೆ ಕಂಪನಿ ಹೆಸರು ನೋಡಿ ನಿರ್ಧಾರ ಮಾಡಬೇಡಿ. ಸ್ರಾಮ್‌ನವರೇ ಈಗ ಕೆಲವು ಬ್ರೇಕ್ ಮಿನರಲ್ ಆಯಿಲ್‌ನಲ್ಲಿ ಮಾಡುತ್ತಿದ್ದಾರೆ. ಲಿವರಿನ ಮೇಲೆ ಅಥವಾ ಆ ಮಾದರಿಯ ಕೈಪಿಡಿಯಲ್ಲಿ ಬರೆದಿರುವುದೇ ಕೊನೆಯ ಮಾತು. ಡಾಟ್ 5 ಅಂತ ಬರೆದ ಬಾಟಲಿ ಇನ್ನೊಂದೇ, ಅದು ಸಿಲಿಕೋನ್, 5.1ರ ಬದಲಿಗೆ ಅದೂ ನಡೆಯುವುದಿಲ್ಲ.

ಡಾಟ್ ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಟ್ಟ 155. ನಮ್ಮ ಮಳೆಗಾಲದಲ್ಲಿ ಮುಚ್ಚಳ ತೆರೆದ ಬಾಟಲಿ ಇಟ್ಟು ಮುಂದಿನ ವರ್ಷ ಬಳಸುವ ಹಾಗಿಲ್ಲ. ನಾನು ಪ್ರತಿ ಅಕ್ಟೋಬರಿನಲ್ಲಿ ಚಿಕ್ಕ ಬಾಟಲಿ ತಂದು ಪೂರಾ ಬದಲಿಸುತ್ತೇನೆ, ಉಳಿದದ್ದನ್ನು ಮತ್ತೆ ಬಳಸುವುದಿಲ್ಲ. ಮಿನರಲ್ ಆಯಿಲ್ ತೇವ ಎಳೆಯುವುದಿಲ್ಲ, ಆದರೆ ಹೇಗೋ ಒಳಗೆ ಬಂದ ನೀರು ಅದರಲ್ಲಿ ಕರಗದೆ ಕೆಳಗಿನ ಕ್ಯಾಲಿಪರ್‌ನಲ್ಲಿ ಹನಿಯಾಗಿ ನಿಲ್ಲುತ್ತದೆ. ಅತಿ ಬಿಸಿಯಾಗುವ ಜಾಗವೂ ಅದೇ. ಅದಕ್ಕೆ ಮಿನರಲ್ ಬ್ರೇಕಿನ ಮುಚ್ಚಳವನ್ನೂ ಮಳೆಯಲ್ಲಿ ತೆರೆಯಬೇಡಿ.

ಹುಡುಗನ ಎರಡೂ ಲಿವರಿನ ಕೆಳಗೆ ಬಿಳಿ ಟೇಪ್ ಸುತ್ತಿ, "ಮಿನರಲ್ ಆಯಿಲ್ ಮಾತ್ರ, ಡಾಟ್ ಬೇಡ" ಅಂತ ಮಾರ್ಕರ್‌ನಲ್ಲಿ ಬರೆದು ಕೊಟ್ಟೆ. ಗ್ಯಾರೇಜಿನವನಿಗೆ ಆ ಎರಡು ಪದರದ ಬಾಟಲಿಯನ್ನು ಹುಡುಗನೇ ತೆಗೆದುಕೊಂಡು ಹೋಗಿ ತೋರಿಸಿದ. ಗ್ಯಾರೇಜಿನವನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದನಂತೆ. ಆಮೇಲೆ ಕೆಂಪು ಆಯಿಲ್ ಎಲ್ಲಿ ಸಿಗುತ್ತದೆ ಅಂತ ಕೇಳಿ ಬರೆದುಕೊಂಡನಂತೆ.